ಸ್ಟ್ಯಾಗ್‌ಫ್ಲೇಶನ್: ಬಡ್ಡಿ ಏರಿಸಿದರೆ ಸಾಲದೇ?

"ಬೆಲೆ ಏರುತ್ತಿದ್ದರೆ ಸೆಂಟ್ರಲ್ ಬ್ಯಾಂಕ್ ಬಡ್ಡಿ ಏರಿಸಿದರಾಯ್ತು ಅಲ್ವಾ? ಸ್ಟ್ಯಾಗ್‌ಫ್ಲೇಶನ್ ಬಂದಾಗ ಮಾತ್ರ ಯಾಕೆ ಅಷ್ಟು ಒದ್ದಾಡ್ತಾರೆ?"

ಸ್ಟ್ಯಾಗ್‌ಫ್ಲೇಶನ್ ಅಂದರೆ ಬೆಲೆ ಏರಿಕೆ, ನಿರುದ್ಯೋಗ, ನಿಂತುಹೋದ ಬೆಳವಣಿಗೆ ಮೂರೂ ಒಟ್ಟಿಗೆ ಬರುವುದು. ಬಡ್ಡಿ ಏರಿಸಿದರೆ ಜನ ಕಡಿಮೆ ಖರ್ಚು ಮಾಡುತ್ತಾರೆ, ಅಷ್ಟೇ. ಬೆಲೆ ಏರಿದ್ದು ತೈಲದ ಕೊರತೆಯಿಂದಾದರೆ, ಅದರಿಂದ ಎಣ್ಣೆ ಬಾವಿಯಲ್ಲಿ ಒಂದು ಹನಿಯೂ ಹೆಚ್ಚು ಬರುವುದಿಲ್ಲ.

ಅಮೆರಿಕದ್ದೇ ನೋಡಿ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಲ್ಲಿಗೆ ತೈಲ ಕಳಿಸುವುದನ್ನು ನಿಲ್ಲಿಸಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 11 ದಾಟಿತು. ಸಾಗಣೆ, ಗೊಬ್ಬರ, ಪ್ಲಾಸ್ಟಿಕ್ ಎಲ್ಲದರ ಖರ್ಚೂ ಏರಿತು. ಕಾರ್ಖಾನೆಗಳು ಬೆಲೆ ಏರಿಸಿದವು, ಜೊತೆಗೇ ಕೆಲಸಗಾರರನ್ನೂ ಬಿಟ್ಟವು. ಬಡ್ಡಿ ಏರಿಸಿದರೆ ಇನ್ನಷ್ಟು ಜನ ಕೆಲಸ ಕಳೆದುಕೊಳ್ಳುತ್ತಾರೆ. ಇಳಿಸಿದರೆ ಬೆಲೆ ಇನ್ನೂ ಏರುತ್ತದೆ.

ಆಗ ಅಮೆರಿಕದ ಸೆಂಟ್ರಲ್ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದವರು ಆರ್ಥರ್ ಬರ್ನ್ಸ್. 1974ರಲ್ಲಿ ಬಡ್ಡಿ ಸುಮಾರು 13%ಗೆ ಹೋಗಿತ್ತು. ನಿರುದ್ಯೋಗ ಏರತೊಡಗಿದಾಗ ಅದನ್ನು ಬೇಗ ಬೇಗ ಇಳಿಸಿದರು. ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ. ಬೆಲೆ ಏರುತ್ತಲೇ ಇರುತ್ತದೆ ಎಂದು ಜನ ನಂಬಿಬಿಟ್ಟರು. ಕಾರ್ಮಿಕ ಸಂಘಗಳು ಮುಂದಿನ ಏರಿಕೆಯನ್ನೂ ಲೆಕ್ಕ ಹಾಕಿ ಸಂಬಳ ಕೇಳಿದವು. ಮಾಲೀಕರು ಆ ಸಂಬಳವನ್ನು ಬೆಲೆಗೆ ಸೇರಿಸಿದರು. ಈಗ ತೈಲ ಸುಮ್ನೆ ಇದ್ದರೂ ಬೆಲೆ ತಾನಾಗಿ ಏರುತ್ತದೆ!

ಆ ನಂಬಿಕೆ ಮುರಿಯಲು 1979ರಲ್ಲಿ ಫೆಡರಲ್ ರಿಸರ್ವ್ ಅಧ್ಯಕ್ಷರಾಗಿ ಬಂದ ಪಾಲ್ ವೋಲ್ಕರ್ ಬಡ್ಡಿಯನ್ನು 20%ರ ಹತ್ತಿರಕ್ಕೆ ಒಯ್ದರು. ಬೆಲೆ ಏರಿಕೆ 1983ರ ಹೊತ್ತಿಗೆ 4%ರ ಒಳಗೆ ಬಂತು. ಆದರೆ 1982ರ ಕೊನೆಗೆ ನಿರುದ್ಯೋಗ 10.8% ಮುಟ್ಟಿತ್ತು. ಕಾರು, ಉಕ್ಕಿನ ಊರುಗಳಲ್ಲಿ ಎಷ್ಟೋ ಮನೆಗಳು ಆ ಬೆಲೆ ತೆತ್ತವು.