4 ಮಿ.ಮೀ. ಮಳೆ ಯಾರ ಹೊಲದ್ದು?

ಪ್ರಶ್ನೆ: ನಮ್ಮದು ಭಾಲ್ಕಿ ಹತ್ತಿರದ ಹಳ್ಳಿ. ನಾಳೆ ತೊಗರಿಗೆ ಔಷಧಿ ಹೊಡೆಯಬೇಕು. ಒಂದು ಆಪ್ ಮಳೆಮೋಡದ ಚಿತ್ರ ಹಾಕಿ 4 ಮಿ.ಮೀ. ಎನ್ನುತ್ತಿದೆ, ಇನ್ನೊಂದು ಬಿಸಿಲಿನ ಚಿತ್ರ ಹಾಕಿ ಮಳೆಯ ಸಾಧ್ಯತೆ ಶೇ 15 ಎನ್ನುತ್ತಿದೆ. ಊರು ಒಂದೇ, ದಿನ ಒಂದೇ. ಯಾವುದನ್ನು ನಂಬಲಿ?

ಉತ್ತರ: ಎರಡೂ ಒಂದೇ ಮಾತನ್ನು ಹೇಳುತ್ತಿರುವ ಸಾಧ್ಯತೆ ಹೆಚ್ಚು. ನಾನು ಭಾಲ್ಕಿಯವನೇ. ಮನೆಯ ಮಾಳಿಗೆಯ ಮೇಲೆ ಮಳೆಮಾಪಕ ಇಟ್ಟು ದಿನವೂ ಅಳತೆ ಬರೆದಿಡುತ್ತೇನೆ. ಇದೇ ಗೊಂದಲ ನನ್ನನ್ನೂ ಬಹಳ ದಿನ ಕಾಡಿತ್ತು.

ಆಪ್‌ಗಳು ಸಾಮಾನ್ಯವಾಗಿ ತಾವೇ ಹವಾಮಾನವನ್ನು ಲೆಕ್ಕ ಹಾಕುವುದಿಲ್ಲ. ದೊಡ್ಡ ಸಂಸ್ಥೆಗಳ ಗಣಿತ ಮಾದರಿಗಳಿಂದ ಅಂಕಿಗಳನ್ನು ಪಡೆಯುತ್ತವೆ. ಅಮೆರಿಕದ GFS ಮತ್ತು ಯುರೋಪಿನ ECMWF ಹೆಚ್ಚು ಬಳಕೆಯಲ್ಲಿರುವಂಥವು. ಮಾದರಿಯು ಭೂಮಿಯನ್ನು ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೆ ಒಂದೇ ಉಷ್ಣಾಂಶ, ಒಂದೇ ಮಳೆ ಎಂದು ಲೆಕ್ಕ ಕೊಡುತ್ತದೆ. ECMWFನ ಚೌಕ ಸುಮಾರು 9 ಕಿ.ಮೀ., GFSನದು ಸುಮಾರು 13 ಕಿ.ಮೀ. ಆದರೆ GFSನಿಂದ ಬಹಳಷ್ಟು ಜನ ಇಳಿಸಿಕೊಳ್ಳುವ ಕಡತ 0.25 ಡಿಗ್ರಿಯದು. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 28 ಕಿ.ಮೀ. ಉದ್ದ, 26 ಕಿ.ಮೀ. ಅಗಲದ ಚೌಕ, ಅಂದರೆ 730 ಚದರ ಕಿ.ಮೀ.

ಈಗ ನಿಮ್ಮ 4 ಮಿ.ಮೀ. ಅನ್ನು ಬಿಡಿಸೋಣ. ಮುಂಗಾರು ಹಿಂದೆ ಸರಿಯುವ ಈ ದಿನಗಳಲ್ಲಿ ನಮ್ಮಲ್ಲಿ ಸುರಿಯುವುದು ಹೆಚ್ಚಾಗಿ ಸಂಜೆಯ ಗುಡುಗು ಮಳೆ. ಒಂದು ಮೋಡ ಹತ್ತು ಕಿ.ಮೀ. ಉದ್ದ, ಹತ್ತು ಕಿ.ಮೀ. ಅಗಲದ ಜಾಗದಲ್ಲಿ 30 ಮಿ.ಮೀ. ಸುರಿಸಿತು ಎಂದುಕೊಳ್ಳಿ. ಆ ನೀರನ್ನು 730 ಚದರ ಕಿ.ಮೀ.ಗೆ ಸಮನಾಗಿ ಹರಡಿದರೆ ಉಳಿಯುವುದು 4 ಮಿ.ಮೀ. ಮೊದಲ ಆಪ್ ಈ ಸರಾಸರಿಯನ್ನೇ ತೋರಿಸಿ ಮಳೆಮೋಡದ ಚಿತ್ರ ಹಾಕಿತು. ಇನ್ನೊಂದು ಆಪ್, ಆ ಚೌಕದಲ್ಲಿರುವ ನಿಮ್ಮಂಥ ಒಂದೇ ಹೊಲಕ್ಕೆ ಮಳೆ ತಗಲುವ ಸಾಧ್ಯತೆ ಎಷ್ಟು ಎಂದು ನೋಡಿತು: 730ರಲ್ಲಿ 100, ಶೇ 14. ಆದ್ದರಿಂದ ಬಿಸಿಲಿನ ಚಿತ್ರ. ಆದರೆ 4 ಮಿ.ಮೀ. ಬಿದ್ದ ಹೊಲವೇ ಆ ಚೌಕದಲ್ಲಿ ಇಲ್ಲದಿರಬಹುದು. ಕಳೆದ ವರ್ಷ ಇಂಥದೇ ಒಂದು ಸಂಜೆ ನನ್ನ ಮಾಪಕ ಪೂರ್ತಿ ಒಣಗಿತ್ತು, ಹಲಬರ್ಗಾದಲ್ಲಿ ನಮ್ಮ ಭಾವನವರ ಹೊಲದಲ್ಲಿ ನೀರು ನಿಂತಿತ್ತು.

ಆಪ್‌ಗಳು ಶೇಕಡಾ ಅಂಕಿಯನ್ನು ತೆಗೆಯುವ ದಾರಿಗಳು ಬೇರೆಬೇರೆ. ECMWF ಆರಂಭದ ಸ್ಥಿತಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಒಂದೇ ಮುನ್ಸೂಚನೆಯನ್ನು 51 ಸಲ ಲೆಕ್ಕ ಹಾಕುತ್ತದೆ. ಅವುಗಳಲ್ಲಿ ಎಷ್ಟರಲ್ಲಿ ಮಳೆ ಬಂತು ಎಂಬುದನ್ನು ಎಣಿಸುವುದು ಒಂದು ದಾರಿ. ಹಳೆಯ ಮುನ್ಸೂಚನೆಗಳನ್ನು ಹವಾಮಾನ ಕೇಂದ್ರದ ಅಳತೆಗಳೊಂದಿಗೆ ಹೋಲಿಸಿ, ಮಾದರಿಯ ರೂಢಿಯ ತಪ್ಪನ್ನು ಕಳೆಯುವುದು ಇನ್ನೊಂದು. ಯಾವ ಅಂಕಿ ದಾಟಿದರೆ ಮಳೆಯ ಚಿತ್ರ ಹಾಕಬೇಕೆಂಬುದು ಆಯಾ ಕಂಪನಿಯ ತೀರ್ಮಾನ. ಹೀಗಾಗಿ ನನಗೆ ಚಿತ್ರಗಳ ಮೇಲೆ ಭರವಸೆಯೇ ಇಲ್ಲ, ಅಂಕಿಗಳನ್ನಷ್ಟೇ ಓದುತ್ತೇನೆ.

ಉಷ್ಣಾಂಶದ ವ್ಯತ್ಯಾಸಕ್ಕೂ ಚೌಕವೇ ಕಾರಣವಾಗುವುದುಂಟು. ಬೀದರ್ ನಗರ ಪ್ರಸ್ಥಭೂಮಿಯ ಅಂಚಿನಲ್ಲಿದೆ, ಕೆಳಗೆ ಮಾಂಜ್ರಾ ಬಯಲು. ಚೌಕದ ಸರಾಸರಿ ಎತ್ತರ ನಗರಕ್ಕಿಂತ 100 ಮೀಟರ್ ಕಡಿಮೆ ಇದ್ದರೆ, ಅದನ್ನು ತಿದ್ದದ ಆಪ್ ಅರ್ಧ ಡಿಗ್ರಿಗಿಂತ ಹೆಚ್ಚು ಸೆಕೆ ತೋರಿಸುತ್ತದೆ.

ನಿಮ್ಮಲ್ಲಿ ನಡೆದಿರುವುದು ಇದೇನಾ ಎಂದು ತಿಳಿಯಲು Windy ಎಂಬ ಹವಾಮಾನ ಆಪ್‌ನಲ್ಲಿ ನಿಮ್ಮ ಊರಿನ ಮೇಲೆ ಒತ್ತಿ, ECMWF ಮತ್ತು GFS ಎರಡನ್ನೂ ಒಂದಾದ ಮೇಲೊಂದು ನೋಡಿ. ಎರಡರಲ್ಲೂ ಮಧ್ಯಾಹ್ನದಿಂದ ರಾತ್ರಿಯವರೆಗೆ ಮೂರು-ನಾಲ್ಕು ಮಿ.ಮೀ. ಚದುರಿದ್ದರೆ, ನಿಮ್ಮ ಆಪ್‌ಗಳ ಜಗಳ ಅಂಕಿಯನ್ನು ತಿದ್ದಿ ತೋರಿಸುವ ರೀತಿಯದಷ್ಟೇ. ಅದು ಚದುರಿದ ಗುಡುಗು ಮಳೆ. ಅದು ಯಾವ ಹೊಲಕ್ಕೆ ಬೀಳುತ್ತದೆ ಎಂದು ಹಿಂದಿನ ದಿನ ಯಾವ ಮಾದರಿಯೂ ಹೇಳಲಾರದು, ಅಂಥ ಮೋಡವನ್ನು ಸರಿಯಾಗಿ ಹಿಡಿಯಲು 9 ಕಿ.ಮೀ. ಚೌಕವೂ ದೊಡ್ಡದೇ. ಗಂಟೆಯನ್ನಂತೂ ನಂಬಬೇಡಿ. ಇಂಥ ಮಾದರಿಗಳು ಗುಡುಗು ಮಳೆಯನ್ನು ಮಧ್ಯಾಹ್ನಕ್ಕೇ ತಂದುಬಿಡುತ್ತವೆ, ನಿಜವಾದದ್ದು ಹೆಚ್ಚಾಗಿ ಸಂಜೆಗೆ ಬರುತ್ತದೆ.

ಅಂಥ ದಿನ ನಾನಾದರೆ ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ಔಷಧಿ ಹೊಡೆದು ಮುಗಿಸುತ್ತೇನೆ. ಡಬ್ಬಿಯ ಮೇಲೆ ಎಷ್ಟು ಗಂಟೆ ಮಳೆ ಬೀಳಬಾರದು ಎಂದಿದ್ದರೆ, ಆ ಹೊತ್ತು ಸಂಜೆಯೊಳಗೆ ದಾಟುತ್ತದೆಯೇ ಎಂದು ಮೊದಲು ಎಣಿಸಿಕೊಳ್ಳಿ. ಆದರೆ ಎರಡು ಮಾದರಿಗಳೂ ಹಗಲು ರಾತ್ರಿ ಬಿಡದೆ 20 ಮಿ.ಮೀ. ಮೇಲೆ ತೋರಿಸುತ್ತಿದ್ದರೆ ಲೆಕ್ಕ ಬೇರೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಳನಾಡಿಗೆ ಬಂದಾಗ ಮಳೆ ಜಿಲ್ಲೆಗಳನ್ನೇ ಮುಚ್ಚುತ್ತದೆ. ಆಗ ಚೌಕದ ಸರಾಸರಿಯೂ ನಿಮ್ಮ ಹೊಲದ ಮಳೆಯೂ ಹತ್ತಿರ ಹತ್ತಿರ ಇರುತ್ತವೆ, ಬಿಸಿಲಿನ ಚಿತ್ರ ಹಾಕಿದ ಆಪ್ ಏನೇ ಹೇಳಲಿ ಪಂಪನ್ನು ಹೊರಗೆ ತೆಗೆಯಬೇಡಿ.