ಬೆರಳಿಟ್ಟಾಗ ಮೋಷನ್ ಆಯ್ತು, ಆದ್ರೂ ಬಯಾಪ್ಸಿ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ ಮಗ ಹುಟ್ಟಿ 3 ದಿನ, ತಿಂಗಳು ತುಂಬೇ ಹುಟ್ಟಿದ್ದು. 2 ದಿನ ಆದ್ರೂ ಕಕ್ಕ ಮಾಡ್ಲಿಲ್ಲ, ಹೊಟ್ಟೆ ಉಬ್ಬಿತ್ತು. ಕೆಳಗೆ ಬೆರಳಿಟ್ಟು ನೋಡಿದ್ದೇ ತಡ, ಗಾಳಿ ಸಮೇತ ಚಿಮ್ಮಿ ಬಂತು, ಹೊಟ್ಟೆ ಇಳೀತು. ಈಗ ಕರುಳಲ್ಲಿ ನರ ಇಲ್ದೇ ಇರ್ಬೋದು, ಬಯಾಪ್ಸಿ ಬೇಕು ಅಂತಿದಾರೆ. ಮೋಷನ್ ಆಯ್ತಲ್ಲ, ಇನ್ಯಾಕೆ?

ಉತ್ತರ: ನಿಜ ಹೇಳ್ಬೇಕಂದ್ರೆ ಹಾಗೆ ಚಿಮ್ಮಿದ್ದೇ ಅನುಮಾನ ಜಾಸ್ತಿ ಮಾಡಿರೋದು. ತಿಂಗಳು ತುಂಬಿದ ಮಕ್ಕಳಲ್ಲಿ ಬಹುಪಾಲು 24 ಗಂಟೆ ಒಳಗೇ ಮೊದಲ ಕಪ್ಪು ಕಕ್ಕ ಮಾಡ್ತವೆ, 48 ಗಂಟೆ ದಾಟೋದು ತೀರಾ ಅಪರೂಪ.

ಕರುಳು ಹಿಂದಿನಿಂದ ಹಿಂಡುತ್ತೆ, ಮುಂದೆ ಸಡಿಲ ಆಗುತ್ತೆ, ಹಂಗೇ ಒಳಗಿರೋದು ಕೆಳಗೆ ಸಾಗುತ್ತೆ. ಸಡಿಲ ಆಗು ಅಂತ ಹೇಳೋದು ಕರುಳಿನ ಗೋಡೆ ಒಳಗಿರೋ ಗ್ಯಾಂಗ್ಲಿಯಾನ್ ಅನ್ನೋ ನರಕೋಶಗಳು. ಮಗು ಹೊಟ್ಟೇಲಿರೋವಾಗ ಈ ಕೋಶಗಳು ಮೇಲಿಂದ ಹೊರಟು ಸುಮಾರು 12 ವಾರದ ಹೊತ್ತಿಗೆ ಗುದದ್ವಾರದ ತನಕ ಬಂದು ತಲುಪ್ಬೇಕು, ದಾರೀಲೇ ನಿಂತುಬಿಟ್ರೆ ಅಲ್ಲಿಂದ ಕೆಳಗಿನ ಭಾಗ ನರಕೋಶ ಇಲ್ದೇ ಉಳ್ಕೊಳುತ್ತೆ. ಇದೇ ಹಿರ್ಷ್‌ಸ್ಪ್ರಂಗ್ ಕಾಯಿಲೆ. ಆ ಭಾಗ ಸದಾ ಬಿಗಿಯಾಗೇ ಇರುತ್ತೆ. ಎಕ್ಸ್‌ರೇ ನೋಡಿದೋರು ಉಬ್ಬಿರೋ ಕರುಳೇ ಕೆಟ್ಟಿದೆ ಅಂದ್ಕೋತಾರೆ, ಆದ್ರೆ ಅದು ಚೆನ್ನಾಗಿರೋ ಕರುಳು, ಕೆಳಗೆ ದಾರಿ ಬಿಡ್ದೇ ಇರೋದಕ್ಕೆ ಪಾಪ ಉಬ್ಬಿದೆ ಅಷ್ಟೇ. ಬೆರಳು ಹೋದಾಗ ಬಿಗಿ ಭಾಗ ಒಂದು ಕ್ಷಣ ಅಗಲ ಆಯ್ತು, ತಡ್ಕೊಂಡಿದ್ದೆಲ್ಲಾ ನುಗ್ಗಿ ಬಂತು. ಬೆರಳು ತೆಗೆದ್ಮೇಲೆ ಮತ್ತೆ ಬಿಗೀನೇ.

ಬೇರೆ ಕಾರಣಾನೂ ಇರ್ಬೋದು. ಕೆಲವು ಮಕ್ಕಳಲ್ಲಿ ಆ ಕಪ್ಪು ಕಕ್ಕಾನೇ ಅಂಟಂಟಾಗಿ ಬಿರಡೆ ಥರ ಕೂತಿರುತ್ತೆ, ಒಮ್ಮೆ ಹೊರಗೆ ಬಂದ್ರೆ ಆಮೇಲೆ ತಾನೇ ಸರಿಯಾಗಿ ಹೋಗ್ತಾವೆ. ಆದ್ರೆ ಬಿರಡೆ ಬಂದ ಮಗೂಲೂ ಕೆಲವೊಮ್ಮೆ ಹಿಂದೆ ಈ ಕಾಯಿಲೆ ಅಡಗಿರುತ್ತೆ, ಹೊರಗಿಂದ ನೋಡಿ ಹೇಳಕ್ಕಾಗಲ್ಲ. ಕೆಳಗಿಂದ ಬಣ್ಣದ ದ್ರವ ಬಿಟ್ಟು ತೆಗೆಯೋ ಎಕ್ಸ್‌ರೇ ಇದೆ, ಕರುಳಿನ ಬಿಗಿ ಭಾಗ ಎಲ್ಲಿ ಮುಗಿದು ಉಬ್ಬಿದ ಭಾಗ ಶುರುವಾಯ್ತು ಅಂತ ತೋರ್ಸುತ್ತೆ, ಆದ್ರೆ ಹುಟ್ಟಿ 3 ದಿನಕ್ಕೆ ಆ ವ್ಯತ್ಯಾಸಾನೇ ಸರಿಯಾಗಿ ಮೂಡಿರಲ್ಲ, ಅದು ನಾರ್ಮಲ್ ಬಂದ್ರೂ ನಿರಾಳ ಆಗೋ ಹಾಗಿಲ್ಲ.

ಅದಕ್ಕೇ ಬಯಾಪ್ಸಿ. ಹೆಸರು ಕೇಳಿದಷ್ಟು ಭಯ ಇಲ್ಲ. ಸಣ್ಣ ಕೊಳವೆ ಹಾಕಿ, ಒಳಗೆ ಸುಮಾರು 2 ಸೆಂಟಿಮೀಟರ್ ಮೇಲೆ, ಒಳಪೊರೆಯ ಚೂರನ್ನ ಗಾಳಿ ಎಳೆತದಿಂದ ಕತ್ತರಿಸಿ ತೆಗೀತಾರೆ, ಆ ಜಾಗಕ್ಕೆ ಕತ್ತರಿಸಿದ ನೋವು ಗೊತ್ತಾಗಲ್ಲ. ನರಕೋಶ ಕಂಡ್ರೆ ಈ ಅನುಮಾನ ಅಲ್ಲಿಗೆ ಮುಗೀತು. ನರಕೋಶ ಇಲ್ಲ, ಬದಲಿಗೆ ದಪ್ಪ ನರದ ಎಳೆ ಇದೆ ಅಂದ್ರೆ ಕಾಯಿಲೆ ಇದೆ ಅಂತ, ಆಗ ಆ ಭಾಗ ತೆಗೆದು ಮೇಲಿನ ಒಳ್ಳೆ ಕರುಳನ್ನ ಕೆಳಗೆ ಎಳೆದು ಜೋಡಿಸೋ ಆಪರೇಷನ್. ಚೂರು ತೀರಾ ತೆಳುವಾಗಿದ್ರೆ ಇನ್ನೊಮ್ಮೆ ತೆಗೀಬೇಕಾಗುತ್ತೆ, ಅದು ಕೆಟ್ಟ ಸುದ್ದಿ ಅಲ್ಲ.

ರಿಪೋರ್ಟ್ ಬರೋ ತನಕ ಕರುಳು ಉಬ್ಬದ ಹಾಗೆ ಬೆಚ್ಚಗಿನ ಸಲೈನ್ ಬಿಟ್ಟು ತೊಳೀತಾರೆ. ಈ ಮಧ್ಯೆ ಕೆಟ್ಟ ವಾಸನೆಯ ನೀರು ನೀರು ಮೋಷನ್ ಆದ್ರೆ ಸದ್ಯ ಕರುಳು ತೆರ್ಕೊಳ್ತು ಅಂತ ಖುಷಿ ಪಡ್ಬೇಡಿ, ಜೊತೆಗೆ ಜ್ವರ, ಹೊಟ್ಟೆ ಉಬ್ಬರ, ಮಂಕು ಇದ್ರೆ ಅದು ಕರುಳಿನ ಸೋಂಕು, ಈ ಕಾಯಿಲೇಲಿ ಜೀವಕ್ಕೆ ಕುತ್ತು ತರೋದು ಅದೇ. ಹಸಿರು ವಾಂತಿ ಆದ್ರೂ ಅಷ್ಟೇ, ಬೆಳಗಾಗ್ಲಿ ಅಂತ ಕಾಯ್ದೇ ತಕ್ಷಣ ಡಾಕ್ಟ್ರಿಗೆ ಹೇಳಿ.