ಕಿಮೋಗೆ ಮೊದಲೇ ಎರಡು ದಿನ ಸಲೈನ್ ಯಾಕೆ?

ಓದುಗರ ಪತ್ರ: ಅಪ್ಪನಿಗೆ 61 ವರ್ಷ, ತೂಕ 60 ಕಿಲೋ, ಎತ್ತರ 165 ಸೆಂ.ಮೀ. ಹೊಟ್ಟೆಯೊಳಗೆ 12 ಸೆಂ.ಮೀ. ಗಡ್ಡೆ, ಲಿಂಫೋಮಾ ಎಂಬ ಕ್ಯಾನ್ಸರ್ ಎಂದರು. ಆಸ್ಪತ್ರೆಗೆ ಸೇರಿಸಿ ಎರಡು ದಿನ ಬರೀ ಸಲೈನ್ ಮತ್ತು ಅಲೋಪ್ಯೂರಿನಾಲ್ ಮಾತ್ರೆ. ಆಮೇಲೆ ದುಬಾರಿ ಇಂಜೆಕ್ಷನ್ ಒಂದು, ನಂತರ ಕಿಮೋ. ಮೂರು ದಿನ ಆರು ತಾಸಿಗೊಮ್ಮೆ ರಕ್ತ ತೆಗೆದರು, ಅದರಲ್ಲೊಂದು ಟ್ಯೂಬನ್ನು ಮಂಜುಗಡ್ಡೆಯಲ್ಲಿಟ್ಟು ಒಯ್ಯುತ್ತಿದ್ದರು. ಕ್ಯಾಲ್ಸಿಯಂ 7.4ಕ್ಕೆ ಇಳಿದರೂ ಕ್ಯಾಲ್ಸಿಯಂ ಕೊಡಲಿಲ್ಲ. ಮನೆಯ ಬೊಂಡ ಒಯ್ದರೆ ನರ್ಸ್ ಕುಡಿಸಲು ಬಿಡಲಿಲ್ಲ. ಇಷ್ಟೆಲ್ಲ ಬೇಕಿತ್ತೇ? ಎರಡನೇ ಸರ್ತಿಗೂ ಹೀಗೇನಾ? ವರದಿಗಳ ಪ್ರತಿ ಪತ್ರದ ಜೊತೆಗಿಟ್ಟಿದ್ದೇನೆ.
— ಒಬ್ಬ ಓದುಗ, ಕುಮಟಾ

ಸಂಪಾದಕರ ಉತ್ತರ: ಬೇಕಿತ್ತು. ವರದಿಗಳನ್ನು ನೋಡಿದರೆ ನಿಮ್ಮ ತಂದೆಯವರ ವಿಷಯದಲ್ಲಿ ಒಂದನ್ನೂ ಬಿಡುವಂತಿರಲಿಲ್ಲ.

ದೊಡ್ಡ ಲಿಂಫೋಮಾ ಗಡ್ಡೆಗೆ ಔಷಧಿ ತಾಗಿದಾಗ ಅದರ ಜೀವಕೋಶಗಳು ಒಂದೆರಡು ದಿನದಲ್ಲೇ ರಾಶಿರಾಶಿಯಾಗಿ ಒಡೆಯುತ್ತವೆ. ಒಳಗಿದ್ದ ಪೊಟ್ಯಾಷಿಯಂ, ಫಾಸ್ಫೇಟ್, ಡಿಎನ್‌ಎ ಎಲ್ಲ ಒಮ್ಮೆಲೇ ರಕ್ತಕ್ಕೆ ಬೀಳುತ್ತವೆ. ಡಿಎನ್‌ಎಯ ಚೂರುಗಳು ಯಕೃತ್ತಿನಲ್ಲಿ ಯೂರಿಕ್ ಆಮ್ಲವಾಗುತ್ತವೆ. ಇಷ್ಟನ್ನೂ ಹೊರಹಾಕಬೇಕಾದದ್ದು ಮೂತ್ರಪಿಂಡ. ಅದರ ಸಣ್ಣ ನಾಳಗಳಲ್ಲಿ ಯೂರಿಕ್ ಆಮ್ಲ ಹರಳುಗಟ್ಟಿತೆಂದರೆ ಮೂತ್ರ ಕಟ್ಟುತ್ತದೆ, ಮೂತ್ರ ಕಟ್ಟಿದರೆ ಪೊಟ್ಯಾಷಿಯಂ ಏರುತ್ತದೆ, ಅದು ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಇದನ್ನೇ ಟ್ಯೂಮರ್ ಲೈಸಿಸ್ ಸಿಂಡ್ರೋಮ್ ಎನ್ನುವುದು. ಹೆಚ್ಚಾಗಿ ಇದು ಮೊದಲ ಡೋಸಿನ ನಂತರದ 12ರಿಂದ 72 ತಾಸಿನೊಳಗೆ ಬರುತ್ತದೆ. ಆ ಮೂರು ದಿನ ಆರು ತಾಸಿಗೊಮ್ಮೆ ರಕ್ತ ತೆಗೆದದ್ದು ಇದೇ ಕಾರಣಕ್ಕೆ. ಬೆಳಿಗ್ಗೆ 5.1 ಇದ್ದ ಪೊಟ್ಯಾಷಿಯಂ ಸಂಜೆಯೊಳಗೆ 6.5 ಆಗಬಹುದು, ಮತ್ತು ರೋಗಿಗೆ ಅದು ಗೊತ್ತೇ ಆಗದಿರಬಹುದು.

ನಿಮ್ಮ ತಂದೆಯವರಿಗೆ ಅಪಾಯ ಹೆಚ್ಚೆಂದು ವೈದ್ಯರಿಗೆ ಮೊದಲೇ ತಿಳಿದಿತ್ತು. ಗಡ್ಡೆ 10 ಸೆಂ.ಮೀ. ಮೀರಿದೆ. ಕೋಶಗಳು ಒಡೆದಾಗ ರಕ್ತಕ್ಕೆ ಸೇರುವ ಎಲ್‌ಡಿಎಚ್ ಎಂಬ ಕಿಣ್ವ 1,150, ಅಂದರೆ ಆ ಲ್ಯಾಬಿನ ಮೇಲ್ಮಿತಿಯ ನಾಲ್ಕು ಪಟ್ಟಿಗೂ ಹೆಚ್ಚು. ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ 1.3. ಸೇರಿಸಿದ ದಿನವೇ ಯೂರಿಕ್ ಆಮ್ಲ 9.1. ಕಿಮೋ ಶುರುವಾಗುವ ಮೊದಲೇ ಕೋಶಗಳು ತಾವಾಗಿ ಒಡೆಯುತ್ತಿದ್ದವು ಎಂದು ಈ ಅಂಕಿಗಳು ಹೇಳುತ್ತವೆ.

ಇನ್ನು ಸಲೈನ್. ಮಳೆ ಹಿಡಿದ ಮೇಲೆ ತೋಟದ ಬಸಿಗಾಲುವೆ ಬಿಡಿಸಲು ಹೋದರೆ ಆಗಲೇ ತಡವಾಗಿರುತ್ತದೆ. ಇಲ್ಲಿಯೂ ಅಷ್ಟೆ, ಕೋಶಗಳು ಒಡೆಯುವ ಮೊದಲೇ ಮೂತ್ರ ಧಾರಾಳವಾಗಿ ಹರಿಯುತ್ತಿರಬೇಕು. ಹೃದಯ ಗಟ್ಟಿಯಿದ್ದವರಿಗೆ ಮೈಯ ಹೊರ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ ದಿನಕ್ಕೆ 2ರಿಂದ 3 ಲೀಟರ್ ಲೆಕ್ಕ. ತಂದೆಯವರ ಎತ್ತರ, ತೂಕಕ್ಕೆ ಈ ವಿಸ್ತೀರ್ಣ ಸುಮಾರು 1.66 ಚದರ ಮೀಟರ್. ಮೂರರ ಲೆಕ್ಕದಲ್ಲಿ ದಿನಕ್ಕೆ 5 ಲೀಟರ್, ತಾಸಿಗೆ 200 ಮಿ.ಲೀ. ಮೇಲೆ. ಆ ಸಲೈನಿನಲ್ಲಿ ಪೊಟ್ಯಾಷಿಯಂ ಬೆರೆಸುವುದಿಲ್ಲ. ಎಷ್ಟು ಒಳಗೆ ಹೋಯಿತು ಎನ್ನುವುದಕ್ಕಿಂತ ಎಷ್ಟು ಹೊರಬಂತು ಎನ್ನುವುದೇ ಮುಖ್ಯ. ತಾಸಿಗೆ ಕನಿಷ್ಠ 130 ಮಿ.ಲೀ. ಮೂತ್ರ ಬರುತ್ತಿರಬೇಕಿತ್ತು. ಅದಕ್ಕೇ ಅಳತೆಯ ಪಾತ್ರೆ ಕೊಟ್ಟು ಬರೆದಿಡಿ ಎಂದದ್ದು, ದಿನಾ ಬೆಳಿಗ್ಗೆ ತೂಕ ನೋಡಿದ್ದು. ತೂಕ ಏರುತ್ತ ಮೂತ್ರ ಇಳಿದರೆ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತಿದೆ ಎಂದು ಅನುಮಾನಿಸಬೇಕು.

ಅಲೋಪ್ಯೂರಿನಾಲ್ ಹೊಸ ಯೂರಿಕ್ ಆಮ್ಲ ಹುಟ್ಟದಂತೆ ತಡೆಯುತ್ತದೆ. ಆಗಲೇ ರಕ್ತದಲ್ಲಿ ಇರುವುದನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ, ಮಟ್ಟ ಇಳಿಯಲು ಎರಡು ಮೂರು ದಿನ ಬೇಕು. ನಿಮ್ಮಲ್ಲಿ ಎರಡು ದಿನದ ನಂತರವೂ 8.6 ಇತ್ತು. ಹಾಗಾಗಿ ರಾಸ್ಬ್ಯುರಿಕೇಸ್ ಇಂಜೆಕ್ಷನ್ ಬಂತು. ಅದು ಇರುವ ಯೂರಿಕ್ ಆಮ್ಲವನ್ನೇ ಅಲಾಂಟೋಯಿನ್ ಎಂಬ, ಸುಲಭವಾಗಿ ನೀರಿನಲ್ಲಿ ಕರಗುವ ವಸ್ತುವಾಗಿ ಮಾಡುತ್ತದೆ, ಅದೂ ನಾಲ್ಕು ತಾಸಿನೊಳಗೆ. ಪುಸ್ತಕದ ಲೆಕ್ಕ ಕಿಲೋಗೆ 0.2 ಮಿ.ಗ್ರಾಂ., ಅಂದರೆ 12 ಮಿ.ಗ್ರಾಂ., 1.5 ಮಿ.ಗ್ರಾಂನ ಎಂಟು ಸೀಸೆ. ನಿಮ್ಮ ವೈದ್ಯರು ಕೊಟ್ಟದ್ದು 3 ಮಿ.ಗ್ರಾಂ., ಎರಡೇ ಸೀಸೆ. ದೊಡ್ಡವರಲ್ಲಿ ಒಂದು ಸಣ್ಣ ಡೋಸ್ ಕೊಟ್ಟು, ಮಟ್ಟ ನೋಡಿ, ಬೇಕಾದರಷ್ಟೇ ಮತ್ತೆ ಕೊಡುವ ಪದ್ಧತಿ ಸಾಕಷ್ಟು ಕಡೆ ಇದೆ. ನಮ್ಮ ದೃಷ್ಟಿಯಲ್ಲಿ ಅದು ಸರಿಯಾದ ಉಳಿತಾಯ. ಮುಂಚೆ ಜಿ-6-ಪಿಡಿ ಪರೀಕ್ಷೆ ಮಾಡಿಸಿದ್ದೂ ವರದಿಯಲ್ಲಿದೆ. ಆ ಕಿಣ್ವದ ಕೊರತೆ ಇದ್ದವರಿಗೆ ಈ ಇಂಜೆಕ್ಷನ್ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ, ಅಂಥವರಿಗೆ ಅದು ಕೂಡದು.

ಮಂಜುಗಡ್ಡೆಯ ಗುಟ್ಟೂ ಇಲ್ಲೇ ಇದೆ. ರಾಸ್ಬ್ಯುರಿಕೇಸ್ ಟ್ಯೂಬಿನೊಳಗೂ ಕೆಲಸ ನಿಲ್ಲಿಸುವುದಿಲ್ಲ. ರಕ್ತ ಮೇಜಿನ ಮೇಲೆ ಹಾಗೇ ಕೂತರೆ ಅದರಲ್ಲಿನ ಯೂರಿಕ್ ಆಮ್ಲವನ್ನೂ ತಿನ್ನುತ್ತಲೇ ಇರುತ್ತದೆ. ದೇಹದಲ್ಲಿ ಇನ್ನೂ ಇದ್ದರೂ ವರದಿಯಲ್ಲಿ ಅಂಕಿ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ, ಎಲ್ಲರೂ ನಿಶ್ಚಿಂತರಾಗಿ ಕೂರುತ್ತಾರೆ. ತಣ್ಣಗಿಟ್ಟು ಕೂಡಲೇ ಪರೀಕ್ಷಿಸಿದರೆ ಮಾತ್ರ ಆ ಅಂಕಿಯನ್ನು ನಂಬಬಹುದು.

ಯೂರಿಕ್ ಆಮ್ಲಕ್ಕೆ ಇಷ್ಟು ಒಳ್ಳೆಯ ಮದ್ದಿದೆ, ಫಾಸ್ಫೇಟಿಗೆ ಇಲ್ಲ. ಲಿಂಫೋಮಾ ಕೋಶದಲ್ಲಿ ಸಹಜ ಕೋಶಕ್ಕಿಂತ ನಾಲ್ಕು ಪಟ್ಟಿನವರೆಗೂ ಫಾಸ್ಫೇಟ್ ಇರಬಹುದು. ಕಿಮೋದ ಮರುದಿನ ತಂದೆಯವರ ಫಾಸ್ಫೇಟ್ 5.8 ಆದದ್ದು, ಕ್ಯಾಲ್ಸಿಯಂ 9.4ರಿಂದ 7.4ಕ್ಕೆ ಇಳಿದದ್ದು ಒಂದೇ ಘಟನೆಯ ಎರಡು ಮುಖ. ಫಾಸ್ಫೇಟ್ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಸುಣ್ಣದಂತೆ ಕೂರುತ್ತದೆ, ಅದೂ ಮೂತ್ರಪಿಂಡದಲ್ಲೇ. ಅಂಕಿ ಕಡಿಮೆಯಿದೆ ಎಂದು ಕ್ಯಾಲ್ಸಿಯಂ ಏರಿಸಿದ್ದರೆ ಆ ಸುಣ್ಣಕ್ಕೆ ಇನ್ನಷ್ಟು ಸರಕು ಒದಗಿಸಿದಂತೆ. ಕೈಬೆರಳು ಸೆಟೆಯುವುದು, ಫಿಟ್ಸ್, ಇಸಿಜಿಯಲ್ಲಿ ವ್ಯತ್ಯಾಸ ಕಂಡರೆ ಮಾತ್ರ ಕೊಡುತ್ತಾರೆ. ನಿಮ್ಮಲ್ಲಿ ಯಾವುದೂ ಇರಲಿಲ್ಲ. ಹಿಂದೆ ಎಲ್ಲರಿಗೂ ಸಲೈನಿಗೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸುವ ರೂಢಿಯಿತ್ತು. ಮೂತ್ರ ಕ್ಷಾರವಾದರೆ ಈ ಸುಣ್ಣ ಇನ್ನೂ ಬೇಗ ಕೂರುತ್ತದೆಂದು ಈಗ ಅದನ್ನು ಬಿಟ್ಟಿದ್ದಾರೆ.

ಬೊಂಡದ ವಿಷಯದಲ್ಲಿ ನಿಮಗೆ ಬೇಸರವಾದದ್ದು ಸಹಜ. ನಮ್ಮ ಕರಾವಳಿಯಲ್ಲಿ ಕಾಯಿಲೆಯವರಿಗೆ ಮೊದಲು ಕೊಡುವುದೇ ಅದು. ಆದರೆ 100 ಮಿ.ಲೀ. ಎಳನೀರಿನಲ್ಲಿ ಸುಮಾರು 250 ಮಿ.ಗ್ರಾಂ. ಪೊಟ್ಯಾಷಿಯಂ ಇದೆ. ಒಂದು ಬೊಂಡದಲ್ಲಿ 300 ಮಿ.ಲೀ. ಸಿಕ್ಕಿತೆಂದರೆ 750 ಮಿ.ಗ್ರಾಂ. ಸಲೈನಿನಿಂದಲೇ ಪೊಟ್ಯಾಷಿಯಂ ತೆಗೆದಿರುವಾಗ ಲೋಟದಲ್ಲಿ ಅದನ್ನೇ ಕೊಟ್ಟರೆ ಹೇಗೆ? ನರ್ಸ್ ಮಾಡಿದ್ದು ಸರಿ. ಆ ಮೂರು ನಾಲ್ಕು ದಿನ ಬಾಳೆಹಣ್ಣೂ ಬೇಡ. ಬರೀ ನೀರು ಅಥವಾ ಗಂಜಿಯ ತೆಳಿ ಸಾಕು. ಪೊಟ್ಯಾಷಿಯಂ, ಕ್ರಿಯಾಟಿನಿನ್ ಸಹಜಕ್ಕೆ ಬಂದ ಮೇಲೆ ವೈದ್ಯರನ್ನು ಒಂದು ಮಾತು ಕೇಳಿ ಬೊಂಡ ಕೊಡಬಹುದು.

ಎರಡನೇ ಸುತ್ತಿನಲ್ಲಿ ಗಡ್ಡೆ ಕುಗ್ಗಿದ್ದರೆ ಒಡೆಯಲು ಅಷ್ಟು ಕೋಶಗಳೇ ಇರುವುದಿಲ್ಲ, ಸಾಮಾನ್ಯವಾಗಿ ಇಷ್ಟು ಬಿಗಿ ಬೇಕಾಗದು. ಹೋಗುವ ದಿನ ಎಲ್‌ಡಿಎಚ್, ಯೂರಿಕ್ ಆಮ್ಲ, ಕ್ರಿಯಾಟಿನಿನ್ ಮೂರನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ಮೈಕೈ ನೋವೆಂದು ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ಅಂಗಡಿಯಿಂದ ತರಬೇಡಿ, ಅದು ಮೂತ್ರಪಿಂಡದ ರಕ್ತದ ಹರಿವನ್ನೇ ತಗ್ಗಿಸುತ್ತದೆ. ಮೂತ್ರ ಕಡಿಮೆಯಾದರೆ, ಬಾಯಿಯ ಸುತ್ತ ಜೋಮು ಹಿಡಿದರೆ, ಸ್ನಾಯು ಸೆಳೆದರೆ, ಎದೆ ಡವಗುಟ್ಟಿದರೆ ಬೆಳಗಾಗಲೆಂದು ಕಾಯದೆ ಹತ್ತಿರದ ಆಸ್ಪತ್ರೆಗೇ ಹೋಗಿ, ಪೊಟ್ಯಾಷಿಯಂ ಮತ್ತು ಇಸಿಜಿ ನೋಡಿ ಎಂದು ಹೇಳಿ. ಕಿಮೋ ಕೊಟ್ಟ ದಿನಾಂಕದ ಚೀಟಿ ಕೈಯಲ್ಲಿರಲಿ.